ಕೈಕಟ್ಟಿ ಕುಳಿತವರು ‘ಬೇಡ’ ಎನ್ನುತ್ತಿದ್ದಾರೆಯೇ?

ಪ್ರಶ್ನೆ: ಕಳೆದ ವಾರ ಮೇಲಧಿಕಾರಿಯವರಿಗೆ ಒಂದು ಹೊಸ ಯೋಜನೆಯನ್ನು ವಿವರಿಸುತ್ತಿದ್ದೆ. ಮೊದಲು ಚೆನ್ನಾಗಿಯೇ ಕೇಳುತ್ತಿದ್ದರು. ಇದಕ್ಕೆ ಬೇರೆ ವಿಭಾಗದಿಂದ ಇಬ್ಬರು ಬೇಕಾಗುತ್ತಾರೆ ಎಂದೊಡನೆ ಎದೆಯ ಮೇಲೆ ಕೈಕಟ್ಟಿ ಹಿಂದಕ್ಕೆ ಒರಗಿದರು, ಕಿಟಕಿಯ ಕಡೆ ನೋಡಿದರು, ಸ್ವಲ್ಪ ತಡೆದು “ನೋಡೋಣ” ಎಂದರು. ಕೈಕಟ್ಟಿದರೆ ಒಪ್ಪಿಗೆಯಿಲ್ಲ, ಕಣ್ಣು ತಪ್ಪಿಸಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಓದಿದ್ದೆ. ಉಳಿದದ್ದನ್ನು ಅವಸರದಲ್ಲಿ ಮುಗಿಸಿ ಎದ್ದು ಬಂದೆ. ನಾನು ತಿಳಿದುಕೊಂಡದ್ದು ಸರಿಯೇ?

ಉತ್ತರ: ನೀವು ಗಮನಿಸಿದ್ದು ಸರಿಯಾಗಿಯೇ ಇದೆ, ಅದಕ್ಕೆ ಹಚ್ಚಿದ ಅರ್ಥ ಮಾತ್ರ ಅವಸರದ್ದು. ಕೈಕಟ್ಟಿದ್ದು, ಒರಗಿದ್ದು, ಕಿಟಕಿಯತ್ತ ನೋಡಿದ್ದು, ತಡೆದು ಮಾತನಾಡಿದ್ದು, ಇವು ಕಣ್ಣಿಗೆ ಕಂಡ, ಕಿವಿಗೆ ಕೇಳಿದ ಸಂಗತಿಗಳು. ‘ಒಪ್ಪಿಗೆಯಿಲ್ಲ’ ಎಂಬುದು ನಿಮ್ಮ ಊಹೆ. ಇವೆರಡನ್ನೂ ಕಾಗದದ ಮೇಲೆ ಬೇರೆ ಬೇರೆಯಾಗಿ ಬರೆದು ನೋಡಿದರೆ, ಅಷ್ಟೇ ಸಂಗತಿಗಳಿಂದ ಬೇರೆ ಊಹೆಗಳಿಗೂ ದಾರಿಯಿದೆ ಎಂಬುದು ಗೊತ್ತಾಗುತ್ತದೆ.

ಮೊದಲು ಕೈಗಳ ವಿಷಯ. ಕೋಣೆ ತಣ್ಣಗಿದ್ದರೆ, ಕುರ್ಚಿಗೆ ಕೈಯಾಸರೆ ಇಲ್ಲದಿದ್ದರೆ, ಬಹಳ ಹೊತ್ತು ಕುಳಿತು ಬೆನ್ನು ಸೋತಿದ್ದರೆ ಜನ ಕೈಕಟ್ಟುತ್ತಾರೆ. ಗಟ್ಟಿಯಾಗಿ ಯೋಚಿಸುವಾಗಲೂ ಕಟ್ಟುತ್ತಾರೆ. ಫ್ರೀಡ್‌ಮನ್ ಮತ್ತು ಎಲಿಯಟ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಕಟ್ಟಿ ಕುಳಿತವರು ಕಷ್ಟದ ಅಕ್ಷರ ಒಗಟುಗಳ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ಪಟ್ಟುಹಿಡಿದು ಕುಳಿತರು. ಆದ್ದರಿಂದ ‘ಕೈಕಟ್ಟಿದರೆ ಇದೇ ಅರ್ಥ’ ಎಂದು ನಿಘಂಟಿನಂತೆ ಹೇಳುವ ಪುಸ್ತಕಗಳನ್ನು ಪಕ್ಕಕ್ಕಿಡುವುದು ಒಳ್ಳೆಯದು. ಕೇಳಬೇಕಾದ ಪ್ರಶ್ನೆ ಬೇರೆ: ಈ ವ್ಯಕ್ತಿ ಸಾಮಾನ್ಯವಾಗಿ ಹೇಗೆ ಕುಳಿತುಕೊಳ್ಳುತ್ತಾರೆ? ನಿಮ್ಮ ಮೇಲಧಿಕಾರಿ ಸಂತೋಷದ ಸುದ್ದಿ ಕೇಳುವಾಗಲೂ ಕೈಕಟ್ಟುವವರಾದರೆ ಆ ಭಂಗಿಯಿಂದ ನಿಮಗೆ ಏನೂ ತಿಳಿಯುವುದಿಲ್ಲ. ಎಂದೂ ಹಾಗೆ ಕೂರದವರು ಅಂದು ಹಾಗೆ ಕುಳಿತರೆ ಆ ಬದಲಾವಣೆಗೆ ಬೆಲೆಯುಂಟು. ಇದನ್ನು ತಿಳಿಯಲು, ಯಾವ ಒತ್ತಡವೂ ಇಲ್ಲದ ಮಾತುಕತೆಗಳಲ್ಲಿ ಅವರು ಕೂರುವ ಬಗೆ, ಮಾತಿನ ವೇಗ, ದನಿಯ ಏರಿಳಿತಗಳನ್ನು ಮೊದಲೇ ಗಮನಿಸಿರಬೇಕಾಗುತ್ತದೆ. ಹೊಸಬರ ವಿಷಯದಲ್ಲಿ ಈ ಅಳತೆಗೋಲು ನಮ್ಮ ಬಳಿ ಇರುವುದಿಲ್ಲ.

ಕಣ್ಣು ತಪ್ಪಿಸುವುದನ್ನು ಸುಳ್ಳಿನ ಗುರುತೆಂದು ಬಹುತೇಕ ದೇಶಗಳಲ್ಲಿ ಜನ ನಂಬಿದ್ದಾರೆ, ಆದರೆ ಸಂಶೋಧನೆಗಳು ಆ ನಂಬಿಕೆಗೆ ಆಧಾರ ಒದಗಿಸಿಲ್ಲ. ಎದುರಿಗಿರುವವರ ಮುಖ ನೋಡುವುದೂ ಮನಸ್ಸಿಗೆ ಒಂದು ಕೆಲಸವೇ ಆದ್ದರಿಂದ, ಲೆಕ್ಕ ಹಾಕುವಾಗ ಅಥವಾ ಕಷ್ಟದ ಉತ್ತರ ಹುಡುಕುವಾಗ ನಾವೆಲ್ಲರೂ ದೃಷ್ಟಿಯನ್ನು ಬೇರೆಡೆಗೆ ತಿರುಗಿಸುತ್ತೇವೆ. ನಡವಳಿಕೆಯನ್ನು ನೋಡಿ ಸತ್ಯ–ಸುಳ್ಳು ಹೇಳುವ ಸಾಮರ್ಥ್ಯವನ್ನು ಅಳೆದ ನೂರಾರು ಅಧ್ಯಯನಗಳನ್ನು ಮನೋವಿಜ್ಞಾನಿಗಳಾದ ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಒಟ್ಟುಗೂಡಿಸಿದಾಗ, ಸರಿಯುತ್ತರದ ಸರಾಸರಿ ಸುಮಾರು ಶೇ 54 ಮಾತ್ರ ಬಂತು. ನಾಣ್ಯ ಚಿಮ್ಮಿದರೂ ಶೇ 50 ಸಿಗುತ್ತದೆ.

ಹಾಗಾದರೆ ನೀವು ಕಂಡದ್ದೆಲ್ಲ ನಿರರ್ಥಕವೇ ಎಂದರೆ, ಅದೂ ಅಲ್ಲ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ‘ಇಬ್ಬರು ಬೇಕಾಗುತ್ತಾರೆ ಎಂದೊಡನೆ’ ಎಂಬ ಮಾತು. ಅಲ್ಲಿಯವರೆಗೆ ಚೆನ್ನಾಗಿ ಕೇಳುತ್ತಿದ್ದವರ ಕೈ, ಬೆನ್ನು, ದೃಷ್ಟಿ, ಉತ್ತರದ ವೇಗ ನಾಲ್ಕೂ ಒಂದೇ ವಾಕ್ಯದ ಹಿಂದೆಯೇ ಬದಲಾದವು. ಬಿಡಿಯಾದ ಒಂದು ಸನ್ನೆಗಿಂತ ಹೀಗೆ ಒಟ್ಟಿಗೆ ಬಂದ ಬದಲಾವಣೆಗೆ ಹೆಚ್ಚು ತೂಕವಿದೆ. ಆದರೆ ಅದು ಸೂಚಿಸುವುದು ಜಾಗವನ್ನು ಮಾತ್ರ: ಇಬ್ಬರನ್ನು ಕೇಳಿದ ಜಾಗದಲ್ಲಿ ಏನೋ ತಡೆಯಿತು ಎಂಬುದನ್ನು. ತಡೆದದ್ದು ಏನು ಎಂಬುದು ಆ ಭಂಗಿಯಲ್ಲಿ ಬರೆದಿರುವುದಿಲ್ಲ.

ಇನ್ನು ಆ “ನೋಡೋಣ”. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೌದು–ಅಲ್ಲ ಬಗೆಯ ಪ್ರಶ್ನೆ ಮುಗಿದು ಉತ್ತರ ಆರಂಭವಾಗುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಹೌದೆನ್ನುವ ಉತ್ತರಗಳು ಬೇಗ ಬರುತ್ತಿದ್ದವು, ಅಲ್ಲವೆನ್ನುವವು ತುಸು ತಡವಾಗುತ್ತಿದ್ದವು. ನಿರಾಕರಿಸಬೇಕಾದಾಗ ನಾವು ತಡೆಯುತ್ತೇವೆ, “ಅದು ಸರಿ, ಆದರೆ…” ಎಂದು ದಾರಿ ಮಾಡಿಕೊಳ್ಳುತ್ತೇವೆ. ಈ ದೃಷ್ಟಿಯಿಂದ ನಿಮ್ಮ ಕಿವಿ ಹಿಡಿದದ್ದು ಸುಳ್ಳಲ್ಲ. ಆದರೆ ಯೋಚಿಸಿ ಹೇಳಬೇಕಾದ ಉತ್ತರವೂ ಅಷ್ಟೇ ತಡವಾಗಿ ಬರುತ್ತದೆ. ಫೋನ್ ಅಥವಾ ವಿಡಿಯೊ ಕರೆಯಲ್ಲಂತೂ ಮೌನ ಸಂಪರ್ಕದ ವಿಳಂಬವೂ ಆಗಿರಬಹುದು. ಸಂವಹನದಲ್ಲಿ ಪದಗಳ ಪಾಲು ಶೇ 7 ಮಾತ್ರ ಎಂಬ ಪ್ರಸಿದ್ಧ ಲೆಕ್ಕವನ್ನು ಇಲ್ಲಿ ಮರೆತುಬಿಡಿ. ಮನೋವಿಜ್ಞಾನಿ ಮೆಹ್ರಾಬಿಯನ್ ಅವರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಆ ಅಂಕಿ, ಬಿಡಿ ಪದಗಳನ್ನು ಬೇರೆ ಬೇರೆ ದನಿ ಮತ್ತು ಮುಖಭಾವಗಳೊಂದಿಗೆ ಒಡ್ಡಿ, ಅವುಗಳಲ್ಲಿ ಮೆಚ್ಚುಗೆ ಇದೆಯೋ ಇಲ್ಲವೋ ಎಂದು ಕೇಳಿದ್ದಕ್ಕೆ ಸಂಬಂಧಿಸಿದ್ದು. ಒಂದು ಯೋಜನೆಯ ಚರ್ಚೆಗೆ ಅದು ಅನ್ವಯಿಸುವುದಿಲ್ಲ.

ನಿಮ್ಮ ಪ್ರಸಂಗಕ್ಕೆ ಕನಿಷ್ಠ ಮೂರು ಓದುಗಳು ಸಾಧ್ಯ. ಯೋಜನೆಯೇ ಅವರಿಗೆ ಹಿಡಿಸಿಲ್ಲದಿರಬಹುದು. ಯೋಜನೆ ಹಿಡಿಸಿದ್ದರೂ ಬೇರೆ ವಿಭಾಗದವರನ್ನು ಕೇಳುವ ತಲೆನೋವು ಬೇಡವೆನಿಸಿರಬಹುದು. ಯಾರನ್ನು ಬಿಡಿಸಿಕೊಳ್ಳಬಹುದೆಂದು ಆಗಲೇ ಲೆಕ್ಕ ಹಾಕುತ್ತಿದ್ದಿರಲೂಬಹುದು. ಮೊದಲನೆಯದಾಗಿದ್ದರೆ ಉತ್ಸಾಹ ಕುಂದಿದ ಸುಳಿವುಗಳು ಇನ್ನೂ ಮುಂಚೆಯೇ, ಯೋಜನೆಯ ಉದ್ದೇಶ ಹೇಳುವಾಗಲೇ, ಕಾಣಿಸಿಕೊಳ್ಳಬೇಕಿತ್ತು. ಹಾಗೆ ಆಗಿಲ್ಲವಾದ್ದರಿಂದ ನನ್ನ ಒಲವು ಎರಡನೆಯ ಮತ್ತು ಮೂರನೆಯದರ ಕಡೆಗಿದೆ. ಅವೆರಡರಲ್ಲಿ ಯಾವುದೆಂದು ದೂರದಿಂದ ಹೇಳಲಾಗದು. ಅವರಿಗೂ ಹೇಳುವ ಅವಕಾಶ ಸಿಗಲಿಲ್ಲ, ಏಕೆಂದರೆ ಅಷ್ಟರಲ್ಲಿ ನೀವು ಅವಸರಪಟ್ಟಿರಿ. ಅವರ ಜಾಗದಲ್ಲಿ ಕುಳಿತು ನೋಡಿದರೆ, ತಮ್ಮ ಯೋಜನೆಯ ಮೇಲೆ ತಮಗೇ ಭರವಸೆಯಿಲ್ಲದವರು ಎದ್ದು ಹೋದಂತೆ ಕಂಡಿರುತ್ತದೆ. ಆ ಕಾರಣಕ್ಕೆ ಅವರು ಮುಂದೆ ತಣ್ಣಗಾದರೆ ನಿಮ್ಮ ಊಹೆ ನಿಜವಾದಂತೆ ತೋರುತ್ತದೆ. ಅದಕ್ಕೆ ಕಾರಣ ಮಾತ್ರ ಊಹೆಯೇ ಆಗಿರುತ್ತದೆ.

ಈಗ ಮಾಡಬಹುದಾದದ್ದು, ಮತ್ತೆ ಭೇಟಿಗೆ ಸಮಯ ಕೇಳಿ ವಿಷಯವನ್ನು ಅದು ನಿಂತ ಜಾಗದಿಂದಲೇ ಎತ್ತುವುದು. ಅವರ ಭಂಗಿಯನ್ನು ಪ್ರಸ್ತಾಪಿಸಬೇಡಿ. “ಅಂದು ಕೈಕಟ್ಟಿಕೊಂಡಿರಿ” ಎಂದರೆ ಯಾರಿಗಾದರೂ ಮುಜುಗರವಾಗುತ್ತದೆ. “ಒಪ್ಪಿಗೆಯಿಲ್ಲವೇ ಸರ್?” ಎಂಬ ಪ್ರಶ್ನೆಯೂ ಬೇಡ, ಏಕೆಂದರೆ ಅದಕ್ಕೆ ಸೌಜನ್ಯದ “ಹಾಗೇನಿಲ್ಲ” ಎಂಬ ಉತ್ತರವೇ ಸಿಗುತ್ತದೆ. “ಕಳೆದ ಸಲ ಇಬ್ಬರನ್ನು ಕೇಳಿದೆನಲ್ಲ ಸರ್, ಆ ಭಾಗ ಕಷ್ಟವೋ, ಅಥವಾ ಯೋಜನೆಯಲ್ಲೇ ಏನಾದರೂ ಬದಲಾಗಬೇಕೋ?” ಎಂದು ಕೇಳಿ. ಎರಡರಲ್ಲಿ ಯಾವುದನ್ನು ಹೇಳಿದರೂ ಅದು ನಿಮ್ಮನ್ನು ತಿರಸ್ಕರಿಸಿದಂತಾಗುವುದಿಲ್ಲವಾದ್ದರಿಂದ ನಿಜ ಹೇಳುವುದು ಅವರಿಗೂ ಸುಲಭವಾಗುತ್ತದೆ. ಕೇಳಿದ ಮೇಲೆ ಮೌನವನ್ನು ನೀವು ತುಂಬಬೇಡಿ. ಅವರು ಮತ್ತೆ ಕಿಟಕಿಯತ್ತ ನೋಡಿದರೂ ಕಾಯಿರಿ.

ಬರುವ ಉತ್ತರದಲ್ಲಿ ವಿವರಗಳಿವೆಯೇ ಎಂಬುದನ್ನು ಗಮನಿಸಿ. “ಒಬ್ಬರು ಸಿಗಬಹುದು, ಅದೂ ಮುಂದಿನ ತಿಂಗಳು” ಎಂದರೆ ಅವರು ಯೋಚಿಸುತ್ತಿದ್ದರೆಂದೇ ತಿಳಿಯಿರಿ, ಕೈಗಳು ಎಲ್ಲಿದ್ದರೂ ಸರಿ. ನಗುಮುಖದಿಂದಲೇ ಮತ್ತೊಮ್ಮೆ “ನೋಡೋಣ” ಎಂದರೆ, ಯಾವಾಗ ವಿಚಾರಿಸಲಿ ಎಂದು ದಿನಾಂಕ ಕೇಳಿ. ಆ ದಿನವೂ ದಾಟಿ, ಮೂರನೆಯ ಬಾರಿಯೂ ಅದೇ ಮಾತು ಬಂದರೆ ಆಗ ಅದನ್ನು ‘ಇಲ್ಲ’ವೆಂದೇ ಓದಬಹುದು.