ವೀಣೆಯ ಧ್ವನಿಮುದ್ರಣದಲ್ಲಿ ‘ಟಿಕ್’ ಸದ್ದು

ಮೈಸೂರಿನ ಮನೆಯಲ್ಲಿ ಅತ್ತೆಯ ವೀಣಾವಾದನವನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸಿದೆ. ನಡುನಡುವೆ ‘ಟಿಕ್’ ಎನ್ನುತ್ತದೆ. ಮೀಟು ಹಾಳಾಗದಂತೆ ತೆಗೆಯುವುದು ಹೇಗೆ?

ಇಡೀ ಕಡತಕ್ಕೆ ಫಿಲ್ಟರ್ ಹಾಕಬೇಡಿ. ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಒಂದೊಂದೇ ಟಿಕ್ ಆರಿಸಿ ಸರಿಪಡಿಸಿ. ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕ್ಷಣಮಾತ್ರದ ಸದ್ದು ಎಲ್ಲ ಎತ್ತರಗಳಿಗೂ ಹರಡುವುದರಿಂದ ಟಿಕ್ ಕೂದಲೆಳೆಯಂಥ ನೆಟ್ಟನೆಯ ಗೆರೆಯಾಗಿ ಕಾಣುತ್ತದೆ. ಮೀಟೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಎಲ್ಲರೂ ಎಡವುವುದು ಇಲ್ಲಿಯೇ. ಆದರೆ ಮೀಟಿನ ಬಲಕ್ಕೆ ನಾದದ ಅಡ್ಡಪಟ್ಟಿಗಳು ಹೊಸದಾಗಿ ಹುಟ್ಟಿ ನಿಧಾನವಾಗಿ ಮಾಸುತ್ತವೆ. ಟಿಕ್ಕಿನ ಎರಡೂ ಬದಿಯಲ್ಲಿ ಪಟ್ಟಿಗಳು ಏನೂ ಆಗದಂತೆ ಮುಂದುವರಿಯುತ್ತವೆ.

ಗೆರೆಯನ್ನಷ್ಟೇ ಆರಿಸಿದರೆ ಉಪಕರಣವು ಅಕ್ಕಪಕ್ಕದ ನಾದವನ್ನು ನೋಡಿ ನಡುವಿನ ತೂತನ್ನು ಊಹೆಯಿಂದ ನೇಯುತ್ತದೆ. ತೂತು ದೊಡ್ಡದಾದಷ್ಟೂ ಊಹೆ ಕೆಡುತ್ತದೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದ Repair, ಅದು ಅಲೆಯನ್ನೇ ಹೊಲಿಯುವ ಸಾಧನ, 128 ಮಾದರಿಗಳಿಗಿಂತ, ಅಂದರೆ ಧ್ವನಿಯನ್ನು ಅಳೆದಿಟ್ಟ ಬಿಡಿ ಅಂಕಿಗಳಿಗಿಂತ, ಹೆಚ್ಚನ್ನು ಒಪ್ಪುವುದೇ ಇಲ್ಲ. ಸೆಕೆಂಡಿಗೆ 44,100 ಮಾದರಿಗಳ ಧ್ವನಿಮುದ್ರಣದಲ್ಲಿ ಅದು ಸುಮಾರು 3 ಮಿಲಿಸೆಕೆಂಡ್.

ಗಮಕದ ನಡುವೆ ಪಟ್ಟಿಗಳು ಮೆಟ್ಟಿಲಿನಂತೆ ಜಿಗಿದಿದ್ದರೆ ಮಾತು ಬೇರೆ. ಅಲ್ಲಿ ಲ್ಯಾಪ್‌ಟಾಪ್ ಕೆಲವು ಮಾದರಿಗಳನ್ನೇ ಕಳೆದುಕೊಂಡಿದೆ. ಟಿಕ್ ಹೋದರೂ ಗಮಕದ ಕುಪ್ಪಳಿಕೆ ಉಳಿಯುತ್ತದೆ. ಬರುವ ಧ್ವನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬಫರ್ ಹೆಚ್ಚಿಸಿ, ಅತ್ತೆಯನ್ನು ಇನ್ನೊಮ್ಮೆ ಕೂರಿಸಿ.