ಬಯೋದಿಂದ ಜಿರಾ ತೆಗೆಯಿರಿ, ಜಿಎಸ್‌ಟಿ ಕಥೆ ಬರೆಯಿರಿ

ಪ್ರಶ್ನೆ: ದಾವಣಗೆರೆಯ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಪ್ರಾಡಕ್ಟ್ ಮ್ಯಾನೇಜರ್ ಆಗಿ ಕೆಲಸ ಮಾಡುತ್ತಿದ್ದೇನೆ. ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ನಮ್ಮದು. ಲಿಂಕ್ಡ್‌ಇನ್‌ ಬಯೋದಲ್ಲಿ 'ಐದು ವರ್ಷದ ಅನುಭವ. ಜಿರಾ, ಫಿಗ್ಮಾ, ಸ್ಪ್ರಿಂಟ್ ಪ್ಲಾನಿಂಗ್, ಸ್ಟೇಕ್‌ಹೋಲ್ಡರ್ ಮೀಟಿಂಗ್‌ಗಳಲ್ಲಿ ಪರಿಣತಿ' ಎಂದು ಬರೆದಿದ್ದೇನೆ. ಯಾರೂ ಕರೆಯುತ್ತಿಲ್ಲ. ಏನು ಬದಲಿಸಲಿ?

ಉತ್ತರ: ನೀವು ಕಳಿಸಿದ ರೆಸ್ಯೂಮೆಯ ಎರಡನೇ ಪುಟದ ಕೊನೆಯಲ್ಲಿ 'ಜಿಎಸ್‌ಟಿ ನಂಬರ್ ಕಡ್ಡಾಯ ತೆಗೆದದ್ದು' ಎಂಬ ಸಾಲಿದೆ. ಇಡೀ ರೆಸ್ಯೂಮೆಯಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲೊಂದೇ ಕಡೆ. ಅದಕ್ಕೇ ಫೋನ್ ಮಾಡಿ ಕೇಳಿದೆ.

ನೀವು ಹೇಳಿದ್ದು ಇಷ್ಟು. ಆ್ಯಪ್‌ನಲ್ಲಿ ನೋಂದಣಿ ಶುರು ಮಾಡಿದ ನೂರು ಅಂಗಡಿಯವರಲ್ಲಿ 42 ಮಂದಿ ಮಾತ್ರ ಮುಗಿಸುತ್ತಿದ್ದರು. ಉಳಿದವರಲ್ಲಿ ಹೆಚ್ಚಿನವರು 15 ಅಕ್ಷರದ ಜಿಎಸ್‌ಟಿ ನಂಬರ್ ಕೇಳುವ ಪುಟದಲ್ಲೇ ಬಿಟ್ಟು ಹೋಗುತ್ತಿದ್ದರು. ನಂಬರ್ ತುಂಬಿಸಲು ಸಹಾಯವಾಣಿ ಇಡೋಣ ಎಂದರು ಸೇಲ್ಸ್‌ನವರು. ನೀವು ಪಿ.ಜೆ. ಬಡಾವಣೆಯ ಅಂಗಡಿಗಳಲ್ಲಿ ಕೂತು ವಿಚಾರಿಸಿದಿರಿ. ಅವರಿಗೆ ತುಂಬಿಸಲು ಬಾರದೆ ಅಲ್ಲ, ನಂಬರೇ ಇರಲಿಲ್ಲ! ಕರ್ನಾಟಕದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸಹಾಯವಾಣಿ ಬೇಡವೆಂದು ನೀವು ಆ ಖಾನೆಯನ್ನು ಐಚ್ಛಿಕ ಮಾಡಿಸಿದಿರಿ. ಆಮೇಲೆ ನೂರಕ್ಕೆ 63 ಮಂದಿ ಮುಗಿಸಿದರು.

ಬಯೋ ಎಂದರೆ ಇದೇ. ಹೀಗೆ ಬರೆಯಿರಿ:

'ಸಣ್ಣ ಅಂಗಡಿಗಳ ಬಿಲ್ಲಿಂಗ್ ಆ್ಯಪ್‌ನ ಪ್ರಾಡಕ್ಟ್ ಮ್ಯಾನೇಜರ್. ನೋಂದಣಿ ಅರ್ಧಕ್ಕೇ ನಿಲ್ಲುತ್ತಿದ್ದಾಗ, ಸಹಾಯವಾಣಿಯ ಬದಲು ಜಿಎಸ್‌ಟಿ ಖಾನೆಯ ಕಡ್ಡಾಯ ತೆಗೆಯಲು ನಿರ್ಧರಿಸಿದೆ. ಆರು ವಾರದಲ್ಲಿ ನೋಂದಣಿ ಮುಗಿಸಿದವರು ನೂರಕ್ಕೆ 42ರಿಂದ 63ಕ್ಕೆ ಏರಿದರು.'

'ಸಹಾಯವಾಣಿಯ ಬದಲು' ಎಂಬುದನ್ನು ಮಾತ್ರ ತೆಗೆಯಬೇಡಿ. ಬೇರೆ ದಾರಿಯೂ ಇತ್ತು, ಅದನ್ನು ಬಿಟ್ಟದ್ದು ನೀವು ಎಂದು ಹೇಳುವುದು ಅದೊಂದೇ.

ಅಂಕಿಯಲ್ಲಿ ಎಚ್ಚರ. 42ರಿಂದ 63 ಎಂದರೆ ಶೇ 50ರಷ್ಟು ಏರಿಕೆ ಎನ್ನುವುದು ಲೆಕ್ಕದಲ್ಲಿ ಸರಿಯೇ. ಆದರೆ ಮೂಲ ಅಂಕಿ ಕಾಣದ ಶೇಕಡಾವಾರು ಕಂಡರೆ ಸಂದರ್ಶಕರ ಹುಬ್ಬೇರುತ್ತದೆ. ಎರಡೂ ಅಂಕಿ ಕೊಡಿ. ಬದಲಾವಣೆ ದೀಪಾವಳಿಯ ಹಿಂದೆಮುಂದೆ ಆಗಿದ್ದರೆ ಒಟ್ಟು ನೋಂದಣಿಯ ಸಂಖ್ಯೆ ಹೇಳಲೇಬೇಡಿ. ಅಂಗಡಿ ಪೂಜೆಗೆ ಹೊಸ ಲೆಕ್ಕ ತೆರೆಯುವವರಿಂದ ಅದು ತಾನಾಗಿಯೇ ಏರಿರಬಹುದು. ನೂರಕ್ಕೆ ಎಷ್ಟು ಎಂಬ ಲೆಕ್ಕದಲ್ಲಿ ಆ ಗೊಂದಲ ಕಡಿಮೆ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ಸೇರಿದವರು ಆ್ಯಪ್ ಬಳಸಿದರೇ? ಖಾನೆ ಕಡಿಮೆಯಾದರೆ ಸುಮ್ಮನೆ ನೋಡಲು ಬಂದವರೂ ಒಳಗೆ ಸೇರಿಕೊಳ್ಳುತ್ತಾರೆ. ನೋಂದಾಯಿಸಿದ ವಾರದೊಳಗೆ ಮೊದಲ ಬಿಲ್ ಮಾಡಿದವರ ಪ್ರಮಾಣವನ್ನು ಹಳೆಯ ಗುಂಪು, ಹೊಸ ಗುಂಪು ಎರಡರಲ್ಲೂ ತೆಗೆಸಿ. ಅದು ಇಳಿಯದಿದ್ದರೆ ಬಯೋಕ್ಕೆ ಸೇರಿಸಿ. ಇಳಿದಿದ್ದರೂ ಮುಚ್ಚಿಡಬೇಡಿ, ಆಮೇಲೆ ಏನು ಮಾಡಿದಿರಿ ಎಂಬ ಉತ್ತರ ಸಿದ್ಧವಿರಲಿ. ಕಂಪನಿಯ ಆದಾಯ, ಒಟ್ಟು ಗ್ರಾಹಕರ ಸಂಖ್ಯೆ ಹೊರಗೆ ಹಾಕುವಂತಿಲ್ಲ. ಈ ಅನುಪಾತಕ್ಕೂ ಮ್ಯಾನೇಜರ್ ಒಪ್ಪಿಗೆ ಪಡೆದುಬಿಡಿ.

ಜಿರಾ, ಫಿಗ್ಮಾ ಹೆಸರುಗಳನ್ನು ಪೂರ್ತಿ ಅಳಿಸಬೇಡಿ, ಪ್ರೊಫೈಲ್‌ನ ಕೌಶಲಗಳ ವಿಭಾಗಕ್ಕೆ ಸರಿಸಿ. ನೇಮಕಾತಿಯವರು ಆ ಪದ ಹಾಕಿ ಹುಡುಕಿದಾಗ ಅಲ್ಲಿಂದಲೂ ನೀವು ಸಿಗಬಹುದು.