ಅಡಿಕೆ ಬೇಯಿಸುವ ಮನೆಗೆ ಯಾವ ಶೀಟು? ಮೊದಲು ಶೀಟಿನ ಹೊಟ್ಟೆ ನೋಡಿ

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಅಡಿಕೆ ಬೇಯಿಸುವ ಮನೆಗೆ ಹಾಕಿಸಿದ್ದ ಕಲರ್ ಶೀಟು ನಾಲ್ಕೇ ವರ್ಷಕ್ಕೆ ತೂತು ಬಿದ್ದಿದೆ. ಮೇಲಿನ ಬಣ್ಣ ಇನ್ನೂ ಚೆನ್ನಾಗಿದೆ. ಈ ಸಲ ಯಾವ ಶೀಟು ಹಾಕಿಸಲಿ? ಒಳಗಿಂದ ಎಪಾಕ್ಸಿ ಬಳಿದರೆ ಸಾಕಾ?

ಉತ್ತರ: ಮೇಲಿನ ಬಣ್ಣ ಚೆನ್ನಾಗಿದ್ದು ತೂತು ಬಿದ್ದಿದೆ ಅಂದರೆ ನಿಮ್ಮ ಶೀಟು ತಿಂದುಹೋಗಿರೋದು ಒಳಗಿನಿಂದ. ಮಳೆಯ ಮೇಲೆ ತಪ್ಪು ಹೊರಿಸಬೇಡಿ. ನಾನು ಶಿವಮೊಗ್ಗದಲ್ಲಿ ಶೆಡ್ ಕಟ್ಟುವ ಕೆಲಸ ಮಾಡುತ್ತೇನೆ. ಇದೇ ತಪ್ಪನ್ನು ಒಮ್ಮೆ ನನ್ನ ಭಾವನ ಮನೆಯಲ್ಲಿ ನಾನೇ ಮಾಡಿದ್ದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆ ಅವರದ್ದು ಎರಡು ಹಂಡೆಯ ಒಲೆ. ಒಳ್ಳೆಯ ಕಲರ್ ಶೀಟನ್ನೇ ಹಾಕಿದ್ದೆ. ಐದನೇ ಕೊಯ್ಲಿನ ಹೊತ್ತಿಗೆ ಒಲೆಯ ನೆತ್ತಿಯ ಮೇಲೆ ಸೂಜಿ ಮೊನೆಯಷ್ಟು ಬೆಳಕು ಕಾಣಿಸಿತು. ಏಣಿ ಹಾಕಿ ಹತ್ತಿ ಮಸಿ ಒರೆಸಿ ನೋಡಿದರೆ, ಒಲೆಯ ಮೇಲಿನ ಎರಡು ಶೀಟು ಪೂರ್ತಿ ಕೆಂಪು. ಪಕ್ಕದವಲ್ಲಿ ಬಿಳಿ ಪುಡಿ. ಒಲೆಯಿಂದ ಹದಿನೈದು ಅಡಿ ಆಚೆಗೆ ಶೀಟು ಹೊಸದರ ಹಾಗೇ ಇತ್ತು. ಬಿಳಿ ಪುಡಿ ಅಂದರೆ ಸತುವಿನ ಪದರ ಕರಗುತ್ತಿದೆ ಅಂತ. ಕೆಂಪು ಅಂದರೆ ಸತುವು ಮುಗಿದು ಕಬ್ಬಿಣದ ಸರದಿ ಬಂದಿದೆ ಅಂತ. ನಿಮ್ಮಲ್ಲೂ ಹೀಗೇ ನೋಡಿ, ಎಲ್ಲಿ ಬಿಳಿ, ಎಲ್ಲಿ ಕೆಂಪು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಇಡೀ ಮಾಡು ಬದಲಿಸಬೇಕಾ, ನಾಲ್ಕು ಶೀಟು ಸಾಕಾ ಅಂತ ಅಲ್ಲೇ ಗೊತ್ತಾಗುತ್ತದೆ.

ಕಾರಣ ಇಷ್ಟೇ. ಕಟ್ಟಿಗೆ ಹೊಗೆಯಲ್ಲಿ ಹುಳಿ ಇರುತ್ತದೆ, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೇ ಅದು. ಹಸಿ ಕಟ್ಟಿಗೆ ಹೊಗೆಯಾಡಿದಷ್ಟೂ ಜಾಸ್ತಿ. ಹಂಡೆಯಿಂದ ಆವಿ ಏಳುತ್ತದೆ. ಚಳಿಗಾಲದ ರಾತ್ರಿ ಶೀಟು ತಣ್ಣಗಿರುತ್ತದೆ, ಆವಿ ಅದಕ್ಕೆ ತಾಗಿ ಬೆವರಿನ ಹಾಗೆ ಹನಿಯಾಗಿ ನಿಲ್ಲುತ್ತದೆ. ಆ ಹನಿಯಲ್ಲಿ ಹೊಗೆಯ ಹುಳಿ ಸೇರಿಕೊಳ್ಳುತ್ತದೆ. ಸತುವಿಗೆ ಹುಳಿ ಅಂದರೆ ಆಗುವುದಿಲ್ಲ. ನಂಬಿಕೆ ಬರದಿದ್ದರೆ ಶಾಲೆಯ ಪ್ರಯೋಗಾಲಯದಲ್ಲಿ ಇರುತ್ತದಲ್ಲ, ಆ ನೀಲಿ ಲಿಟ್ಮಸ್ ಕಾಗದವನ್ನು ಕಂದು ಹನಿಗೆ ತಾಗಿಸಿ ನೋಡಿ. ಕೆಂಪಾಗುತ್ತದೆ.

ಇನ್ನು ಅಂಗಡಿಯವರು ಹೇಳದ ಮಾತು. ಕಲರ್ ಶೀಟಿನ ಎರಡೂ ಬದಿಗೆ ಒಂದೇ ಬಣ್ಣ ಇರುವುದಿಲ್ಲ. ಸಾಮಾನ್ಯವಾಗಿ ಮೇಲ್ಬದಿಗೆ 20ರಿಂದ 25 ಮೈಕ್ರಾನ್ ಇದ್ದರೆ, ಒಳಬದಿಗೆ ಬರೀ 5ರಿಂದ 7 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಲೆಕ್ಕ ಹಾಕಿ ನೋಡಿ! ಒಳಗಿನ ಆ ತಿಳಿ ಬೂದು ಬಣ್ಣ ನೆಪಕ್ಕೆ ಮಾತ್ರ. ಮನೆಯ ಸಿಟೌಟಿಗೆ ಅದು ಸಾಕು, ಒಲೆಯ ಮೇಲೆ ಸಾಲದು. ಭಾವನ ಮನೆಯಲ್ಲಿ ನಾನು ಎಡವಿದ್ದು ಇಲ್ಲೇ. ಶೀಟಿನ ದಪ್ಪ ಕೇಳಿದ್ದೆ, ಒಳಬದಿ ಕೇಳಿರಲಿಲ್ಲ. ದಪ್ಪ ಜಾಸ್ತಿಯಾದರೆ ತೂತು ಬೀಳೋದು ತಡವಾಗುತ್ತದೆ, ತುಕ್ಕು ನಿಲ್ಲುವುದಿಲ್ಲ.

ಹಾಗಾಗಿ ನನ್ನ ಸಲಹೆ ಎರಡು ಭಾಗ. ಒಲೆಯ ನೇರ ಮೇಲೆ, ಸುತ್ತ ನಾಲ್ಕೈದು ಅಡಿ ಸೇರಿಸಿ, ಮಂಗಳೂರು ಹಂಚು ಹಾಕಿಸಿ. ನಗಬೇಡಿ. ಸುಟ್ಟ ಮಣ್ಣಿಗೆ ಈ ಹುಳಿಯಿಂದ ಏನೂ ಆಗದು, ಹಂಚಿನ ಸಂದಿಯಲ್ಲಿ ಹೊಗೆಯೂ ಆವಿಯೂ ಹೊರಗೆ ಹೋಗುತ್ತವೆ. ಹಿರಿಯರ ಅಡುಗೆಮನೆ ಮಾಡು ಮಸಿ ಹಿಡಿಯಿತೇ ಹೊರತು ತೂತಾಗಲಿಲ್ಲ, ಅಲ್ವಾ? ಹಂಚಿನ ಭಾರಕ್ಕೆ ಪಕ್ಕಾಸು, ರೀಪು ಬೇಕು, ಇಳಿಜಾರೂ ಶೀಟಿಗಿಂತ ಜಾಸ್ತಿ ಬೇಕು. ಖರ್ಚು ಅಲ್ಲೇ ಬರೋದು.

ಉಳಿದ ಭಾಗಕ್ಕೆ ಸತುವು ಮತ್ತು ಅಲ್ಯೂಮಿನಿಯಂ ಬೆರೆತ ಲೇಪದ ಶೀಟು, ಅಂದರೆ ಗಾಲ್ವಾಲ್ಯೂಮ್. ಆ ಲೇಪದ ತೂಕದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ. ಅಲ್ಯೂಮಿನಿಯಂ ತೆಳು ಹುಳಿಯನ್ನು ಸತುವಿಗಿಂತ ಚೆನ್ನಾಗಿ ತಡೆಯುತ್ತದೆ. ಎ.ಜೆಡ್. 150 ಅಂತ ಕೇಳಿ. ಒಂದು ಚದರ ಮೀಟರ್ ಶೀಟಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪ ಅಂತ ಅರ್ಥ. ಬದಿಗೆ ಸುಮಾರು 20 ಮೈಕ್ರಾನ್ ಆಯಿತು. ಅದರ ಜೊತೆ ಒಳಬದಿಗೂ ಮೇಲ್ಬದಿಯಷ್ಟೇ ದಪ್ಪದ ಬಣ್ಣ ಬೇಕು ಅಂತ ಹೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅಂಗಡಿಯಲ್ಲಿ ರೆಡಿ ಇರುವುದಿಲ್ಲ, ಆರ್ಡರ್ ಕೊಟ್ಟು ಕಾಯಬೇಕು. ವಾರಂಟಿ ಕಾಗದವನ್ನೂ ಓದಿ. ಹೊಗೆ, ರಾಸಾಯನಿಕ ಆವಿ, ದನದ ಕೊಟ್ಟಿಗೆ ಇರುವ ಕಡೆ ವಾರಂಟಿ ಇಲ್ಲ ಅಂತ ಬಹಳಷ್ಟರಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕೊಟ್ಟಿಗೆಯ ಗಂಜಲದ ಅಮೋನಿಯಾ ಗಾಲ್ವಾಲ್ಯೂಮ್‌ಗೆ ಒಳ್ಳೆಯದಲ್ಲ, ಆದ್ದರಿಂದ ಇದೇ ಮಾಡನ್ನು ಕೊಟ್ಟಿಗೆಗೂ ಎಳೆಯಬೇಡಿ.

ಯುಪಿವಿಸಿ ಶೀಟು ಹಾಕಿ ಅಂತ ಯಾರಾದರೂ ಹೇಳುತ್ತಾರೆ. ತುಕ್ಕು ಹಿಡಿಯುವುದಿಲ್ಲ, ನಿಜ. ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಗೆ ನಾನು ಅದನ್ನೇ ಹಾಕುತ್ತೇನೆ. ಅಲ್ಲಿ ಗಂಧಕಾಮ್ಲದ ಆವಿ ಇದ್ದರೂ ಬೆಂಕಿ ಇಲ್ಲ. ನಿಮ್ಮ ಒಲೆಯ ಬಿಸಿಗೆ ಅದು ಮೆತ್ತಗಾಗಿ ಜೋತುಬೀಳುತ್ತದೆ.

ಎಪಾಕ್ಸಿ ವಿಷಯ. ಈಗಿನ ತೂತು ಶೀಟಿಗೆ ಬಳಿಯಬೇಡಿ, ದುಡ್ಡು ದಂಡ. ಮಸಿಯಲ್ಲಿ ಎಣ್ಣೆಯಂಥ ಅಂಟು ಇರುತ್ತದೆ, ಅದರ ಮೇಲೆ ಯಾವ ಬಣ್ಣವೂ ಕಚ್ಚುವುದಿಲ್ಲ. ಆದರೆ ಮಾಡು ಹೊತ್ತ ಕಬ್ಬಿಣದ ಚೌಕಟ್ಟಿಗೆ ಎಪಾಕ್ಸಿ ಬೇಕೇ ಬೇಕು. ಮಾಮೂಲಿ ರೆಡ್ ಆಕ್ಸೈಡ್ ಹಚ್ಚಿ ಇನಾಮಲ್ ಬಳಿದರೆ ಹುಳಿ ಆವಿಗೆ ತಡೆಯುವುದಿಲ್ಲ. ಮೊದಲು ಸೋಪಿನ ಬಿಸಿ ನೀರಲ್ಲಿ ಮಸಿ ತೊಳೆಸಿ. ಒಣಗಿದ ಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ತುಕ್ಕು ಕೆರೆಸಿ. ಅದೇ ದಿನ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಒಂದು ಸಲ, ಆಮೇಲೆ ಎಪಾಕ್ಸಿ ಬಣ್ಣ ಎರಡು ಸಲ. ಬೆರೆಸಿದ ಬಣ್ಣ ಕೆಲವೇ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಅಷ್ಟಷ್ಟೇ ಬೆರೆಸಿ.

ಇದಕ್ಕೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಬ್ಬಿಣದ ಮೈಯಲ್ಲಿ ಕಣ್ಣಿಗೆ ಕಾಣದ ತೇವ ಇರುತ್ತದೆ, ಬಣ್ಣ ಆಮೇಲೆ ಹಾಳೆಯ ಹಾಗೆ ಕಿತ್ತುಬರುತ್ತದೆ. ಬಿಸಿಲು ಬಿದ್ದ ಮೇಲೆ ಹತ್ತು ಗಂಟೆಗೆ ಶುರುಮಾಡಿ ನಾಲ್ಕಕ್ಕೆ ನಿಲ್ಲಿಸಿ.

ಆವಿ ಹೊರಗೆ ಹೋಗದಿದ್ದರೆ ಮೇಲಿನ ಲೆಕ್ಕವೆಲ್ಲ ಸುಮ್ನೆ. ಭಾವನ ಮನೆಯಲ್ಲಿ ಮಾಡಿನ ನೆತ್ತಿಯ ಉದ್ದಕ್ಕೂ ಒಂದಡಿ ತೆರೆದು, ಅದರ ಮೇಲೆ ಒಂದು ಪುಟ್ಟ ಮಾಡು ಕೂರಿಸಿದೆವು. ಒಲೆಗೆ ಸ್ಟೇನ್‌ಲೆಸ್ ಸ್ಟೀಲ್ ಹೊಗೆ ಕೊಳವೆ ಹಾಕಿದೆವು. ಮರುವರ್ಷ ಶೀಟು ಬೆವರುವುದೇ ಕಡಿಮೆಯಾಯಿತು.

ಇನ್ನೊಂದು, ಇದು ತೋಟದವರಿಗೆ ಮಾತ್ರ ಬರುವ ತೊಂದರೆ. ಮಾಡಿನ ಮೇಲೆ ಅಡಿಕೆ ಮರ ಬಾಗಿದ್ದರೆ ಕೊಳೆ ಔಷಧಿ ಹೊಡೆದ ದಿನ ಬೋರ್ಡೋ ಹನಿ ಶೀಟಿನ ಮೇಲೆ ಬೀಳುತ್ತದೆ. ಅದರಲ್ಲಿರುವ ಮೈಲುತುತ್ತಿನ ತಾಮ್ರ ಸತುವು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಬಣ್ಣ ಗೀಚಿಹೋದ ಕಡೆ, ಕತ್ತರಿಸಿದ ಅಂಚಿನಲ್ಲಿ ಮೊದಲು ಶುರುವಾಗುತ್ತದೆ. ಅವತ್ತೇ ಪೈಪ್ ಹಿಡಿದು ತೊಳೆದುಬಿಡಿ.

ಶೀಟನ್ನು ಗ್ರೈಂಡರಿನಲ್ಲಿ ಕತ್ತರಿಸಲು ಬಿಡಬೇಡಿ. ಕಿಡಿಗೆ ಅಂಚಿನ ಲೇಪ ಸುಟ್ಟುಹೋಗುತ್ತದೆ, ತಗಡು ಕತ್ತರಿ ತರಲು ಹೇಳಿ. ಸ್ಕ್ರೂ ಹೊಡೆದಾಗ ಉದುರುವ ಕಬ್ಬಿಣದ ಚೂರನ್ನು ಅದೇ ಸಂಜೆ ಮೆತ್ತನೆಯ ಪೊರಕೆಯಲ್ಲಿ ಗುಡಿಸಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಹೊಸ ಮಾಡಿನ ತುಂಬ ತುಕ್ಕಿನ ಚುಕ್ಕೆ ಕಾಣಿಸುತ್ತದೆ.